ವಿಂಡೋಸ್ ಮತ್ತು ಮ್ಯಾಕ್ ನಡುವೆ ಒಂದೇ ಡ್ರೈವ್

ಕಡತ ವ್ಯವಸ್ಥೆ ಎಂದರೇನು

ಹಾರ್ಡ್ ಡಿಸ್ಕ್ ಆಗಲಿ ಎಸ್‌ಎಸ್‌ಡಿ ಆಗಲಿ, ಅದರೊಳಗೆ ಇರುವುದು ಸಂಖ್ಯೆ ಹಾಕಿದ ಸಣ್ಣ ಸಣ್ಣ ಖಂಡಗಳು ಮಾತ್ರ. ಯಾವ ಕಡತ ಯಾವ ಖಂಡಗಳಲ್ಲಿ ಹರಡಿದೆ, ಅದರ ಹೆಸರೇನು, ಯಾವ ಖಂಡ ಇನ್ನೂ ಖಾಲಿ ಇದೆ ಎಂಬುದನ್ನು ಗೋದಾಮಿನ ದಾಸ್ತಾನು ಪುಸ್ತಕದಂತೆ ಬರೆದಿಡುವ ಕ್ರಮಕ್ಕೆ ಕಡತ ವ್ಯವಸ್ಥೆ ಎನ್ನುತ್ತಾರೆ. ಡ್ರೈವನ್ನು ಫಾರ್ಮ್ಯಾಟ್ ಮಾಡುವುದೆಂದರೆ ಈ ಪುಸ್ತಕವನ್ನು ಹೊಸದಾಗಿ ತೆರೆಯುವುದು.

ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ 1993ರಲ್ಲಿ ವಿಂಡೋಸ್ ಎನ್‌ಟಿಯೊಂದಿಗೆ ಬಂದಿತು. ಮ್ಯಾಕ್‌ನಲ್ಲಿ 1998ರಿಂದ ಎಚ್‌ಎಫ್‌ಎಸ್ ಪ್ಲಸ್ ಇತ್ತು. 2017ರಲ್ಲಿ ಅದರ ಸ್ಥಾನಕ್ಕೆ ಎಪಿಎಫ್‌ಎಸ್ ಬಂದಿತು. ಎರಡೂ ಕಂಪ್ಯೂಟರ್‌ಗಳ ಯುಎಸ್‌ಬಿ ಕಿಂಡಿ ಒಂದೇ ಬಗೆಯದಾಗಿದ್ದರೂ ಡ್ರೈವ್‌ನ ದಾಖಲೆ ಒಂದಕ್ಕೆ ಅರ್ಥವಾಗುತ್ತದೆ, ಇನ್ನೊಂದಕ್ಕೆ ಪೂರ್ತಿಯಾಗಿ ಆಗುವುದಿಲ್ಲ. ತೊಂದರೆ ಇರುವುದು ಡ್ರೈವ್‌ನಲ್ಲಲ್ಲ, ಅದರ ಫಾರ್ಮ್ಯಾಟ್‌ನಲ್ಲಿ.

ಯಾವುದು ಯಾವುದನ್ನು ಓದುತ್ತದೆ

ಇಲ್ಲಿ ಎರಡು ಕಡೆಯ ಸ್ಥಿತಿ ಸಮನಾಗಿಲ್ಲ. ಎನ್‌ಟಿಎಫ್‌ಎಸ್ ಡ್ರೈವನ್ನು ಮ್ಯಾಕ್ ತಾನಾಗಿಯೇ ಓದುತ್ತದೆ. ಕಡತಗಳು ತೆರೆದುಕೊಳ್ಳುತ್ತವೆ, ಅವುಗಳನ್ನು ಮ್ಯಾಕ್‌ಗೆ ನಕಲು ಮಾಡಿಕೊಳ್ಳಬಹುದು. ಆದರೆ ಅದರ ಮೇಲೆ ಬರೆಯಲು, ಹೆಸರು ಬದಲಿಸಲು, ಅಳಿಸಲು ಮ್ಯಾಕ್ ಒಪ್ಪುವುದಿಲ್ಲ. ಡ್ರೈವ್‌ನ ಚಿಹ್ನೆಯನ್ನು ಆರಿಸಿ `Get Info` ತೆರೆದರೆ ಕೊನೆಯಲ್ಲಿ `You can only read` ಎಂಬ ಸಾಲು ಕಾಣುತ್ತದೆ. ಅನೇಕರು ಇದನ್ನು ಡ್ರೈವ್ ಕೆಟ್ಟಿರುವ ಲಕ್ಷಣವೆಂದು ಭಾವಿಸುತ್ತಾರೆ. ಇದು ದೋಷವಲ್ಲ. ಓದುವಾಗ ತಪ್ಪಾದರೆ ಹಾಳಾಗುವುದು ಒಂದು ನಕಲು ಮಾತ್ರ. ಬರೆಯುವಾಗ ತಪ್ಪಾದರೆ ಇಡೀ ದಾಖಲೆಯೇ ಹಾಳಾಗಬಹುದು.

ವಿಂಡೋಸ್ ಇಷ್ಟನ್ನೂ ಮಾಡುವುದಿಲ್ಲ. ಎಪಿಎಫ್‌ಎಸ್ ಅಥವಾ ಎಚ್‌ಎಫ್‌ಎಸ್ ಪ್ಲಸ್ ಡ್ರೈವ್ ಜೋಡಿಸಿದಾಗ ಕೆಲವೊಮ್ಮೆ ಅದು ಕಡತಗಳ ಕಿಟಕಿಯಲ್ಲಿ ಕಾಣಿಸುವುದೇ ಇಲ್ಲ, `Disk Management`ನಲ್ಲಿ ಮಾತ್ರ ಒಂದು ವಿಭಾಗವಾಗಿ ತೋರುತ್ತದೆ. ಇನ್ನು ಕೆಲವೊಮ್ಮೆ ಹೀಗೊಂದು ಸೂಚನೆ ಬರುತ್ತದೆ:

```
You need to format the disk in drive E:
before you can use it.
```

ಈ ಸೂಚನೆಯೇ ಈ ವಿಷಯದಲ್ಲಿನ ಅತಿ ದೊಡ್ಡ ಅಪಾಯ. ಡ್ರೈವ್ ಖಾಲಿ ಇದೆ ಎಂದು ಅದರ ಅರ್ಥವಲ್ಲ. ವಿಂಡೋಸ್‌ಗೆ ಅದು ಓದಲು ಬರುತ್ತಿಲ್ಲ ಎಂದಷ್ಟೇ ಅರ್ಥ. `Format disk` ಒತ್ತಿ ಮುಂದುವರಿದರೆ ಒಳಗಿರುವ ದಾಖಲೆ ಅಳಿಯುತ್ತದೆ. ಮ್ಯಾಕ್‌ನಲ್ಲಿಯೂ ಅಪರಿಚಿತ ಡ್ರೈವ್‌ಗೆ `Initialize` ಎಂಬ ಗುಂಡಿ ತೋರುವುದುಂಟು. ಎರಡೂ ಕಡೆ ಮಾಡಬೇಕಾದುದು ಒಂದೇ: `Cancel` ಅಥವಾ `Eject` ಒತ್ತಿ ಡ್ರೈವನ್ನು ಹೊರತೆಗೆದು, ಅದು ಎಲ್ಲಿ ಫಾರ್ಮ್ಯಾಟ್ ಆಯಿತೆಂದು ವಿಚಾರಿಸಬೇಕು.

ಎರಡಕ್ಕೂ ಒಪ್ಪುವ ಫಾರ್ಮ್ಯಾಟ್

ಎರಡೂ ವ್ಯವಸ್ಥೆಗಳು ಓದಿ ಬರೆಯಬಲ್ಲ ಫಾರ್ಮ್ಯಾಟ್‌ಗಳು ಮುಖ್ಯವಾಗಿ ಎರಡು. ಹಳೆಯದಾದ ಫ್ಯಾಟ್32ರಲ್ಲಿ ಒಂದು ಕಡತದ ಗಾತ್ರ 4 ಜಿಬಿ ಮುಟ್ಟುವಂತಿಲ್ಲ. ಡ್ರೈವ್‌ನಲ್ಲಿ ಎಷ್ಟೇ ಜಾಗವಿದ್ದರೂ ದೊಡ್ಡ ವೀಡಿಯೊ ನಕಲಾಗದೆ ನಿಲ್ಲುತ್ತದೆ. ಮೈಕ್ರೋಸಾಫ್ಟ್ 2006ರಲ್ಲಿ ತಂದ ಎಕ್ಸ್‌ಫ್ಯಾಟ್‌ನಲ್ಲಿ ಈ ಮಿತಿ ಇಲ್ಲ. 2010ರಿಂದ ಮ್ಯಾಕ್ ಕೂಡ ಇದನ್ನು ಬೆಂಬಲಿಸುತ್ತಿದೆ. ಇಂದು ಎರಡು ಕಡೆ ಓಡಾಡುವ ಡ್ರೈವ್‌ಗೆ ಎಕ್ಸ್‌ಫ್ಯಾಟ್ ಸರಿಯಾದ ಆಯ್ಕೆ.

ಒಂದು ಉದಾಹರಣೆಯನ್ನು ನೋಡಬಹುದು. ಮದುವೆಯ ವೀಡಿಯೊ ತೆಗೆಯುವವರ ಬಳಿ ವಿಂಡೋಸ್ ಲ್ಯಾಪ್‌ಟಾಪ್ ಇದೆ, ಸಂಕಲನ ಮಾಡುವವರ ಬಳಿ ಮ್ಯಾಕ್ ಇದೆ. 1 ಟಿಬಿಯ ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲಿ 400 ಜಿಬಿ ವೀಡಿಯೊ ತುಂಬಿದೆ. ಕಡತಗಳು ಒಂದೇ ಬಾರಿ ಮ್ಯಾಕ್‌ಗೆ ಹೋದರೆ ಸಾಕು ಎಂದಾದರೆ ಏನನ್ನೂ ಬದಲಿಸಬೇಕಿಲ್ಲ. ಮ್ಯಾಕ್ ಅವುಗಳನ್ನು ಓದುತ್ತದೆ. ಸಂಕಲಿತ ವೀಡಿಯೊ ಅದೇ ಡ್ರೈವ್‌ನಲ್ಲಿ ಮರಳಿ ಬರಬೇಕೆಂದಾದರೆ ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಬದಲಿಸಬೇಕಾಗುತ್ತದೆ.

ಒಳಗಿನ ಕಡತಗಳನ್ನು ಉಳಿಸಿಕೊಂಡೇ ಎನ್‌ಟಿಎಫ್‌ಎಸ್ ಅನ್ನು ಎಕ್ಸ್‌ಫ್ಯಾಟ್ ಮಾಡುವ ಸೌಲಭ್ಯ ಎರಡು ವ್ಯವಸ್ಥೆಗಳಲ್ಲೂ ಇಲ್ಲ. ಆದ್ದರಿಂದ ಮೊದಲು 400 ಜಿಬಿಯನ್ನೂ ಬೇರೆಡೆಗೆ ನಕಲಿಸಬೇಕು. ಸಾಮಾನ್ಯ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಸಾಗಿಸುತ್ತದೆಂದು ಹಿಡಿದರೆ ಇದಕ್ಕೆ ಒಂದು ಗಂಟೆಗೂ ಮಿಕ್ಕಿ ಬೇಕು. ಮರಳಿ ತುಂಬಲು ಇನ್ನೂ ಅಷ್ಟೇ ಹೊತ್ತು. ನಕಲಿನ ಕೆಲವು ವೀಡಿಯೊಗಳನ್ನು ತೆರೆದು ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಮ್ಯಾಕ್‌ನಲ್ಲಿ `Disk Utility` ತೆರೆಯಬೇಕು. `View` ಪಟ್ಟಿಯಲ್ಲಿ `Show All Devices` ಆರಿಸದಿದ್ದರೆ ವಿಭಾಗ ಮಾತ್ರ ಕಾಣುತ್ತದೆ, ಡ್ರೈವ್ ಕಾಣುವುದಿಲ್ಲ. ಬಾಹ್ಯ ಡ್ರೈವ್‌ನ ಮೇಲಿನ ಸಾಲನ್ನು ಆರಿಸಿ `Erase` ಒತ್ತಿ, `Format` ಎಂಬಲ್ಲಿ `ExFAT`, `Scheme` ಎಂಬಲ್ಲಿ `GUID Partition Map` ಕೊಡಬೇಕು. ಹೆಸರು 11 ಅಕ್ಷರಗಳನ್ನು ಮೀರಬಾರದು.

ಬಳಿಕ ವಿಂಡೋಸ್‌ನಲ್ಲಿ ತೆರೆದಾಗ ಪ್ರತಿ ವೀಡಿಯೊದ ಪಕ್ಕದಲ್ಲಿ `._` ಎಂದು ಆರಂಭವಾಗುವ ಪುಟ್ಟ ಕಡತವೊಂದು ಕಾಣಬಹುದು. ಮ್ಯಾಕ್‌ನ ಹೆಚ್ಚುವರಿ ಮಾಹಿತಿಗೆ ಎಕ್ಸ್‌ಫ್ಯಾಟ್‌ನಲ್ಲಿ ಸ್ಥಳವಿಲ್ಲದ ಕಾರಣ ಮ್ಯಾಕ್ ಅದನ್ನು ಹೀಗೆ ಬೇರೆಯಾಗಿ ಇಡುತ್ತದೆ. ವೀಡಿಯೊ ಅದರೊಳಗಿಲ್ಲ, ತೆರೆಯಲು ಹೋಗಿ ಗಾಬರಿಯಾಗಬೇಕಿಲ್ಲ.

ಚಾಲಕ ತಂತ್ರಾಂಶ ಬೇಕಾಗುವ ಸಂದರ್ಭ

ಡ್ರೈವ್ ಇನ್ನೊಬ್ಬರದ್ದಾಗಿ ಫಾರ್ಮ್ಯಾಟ್ ಬದಲಿಸುವಂತಿಲ್ಲದಿದ್ದರೆ, ಅಪರಿಚಿತ ಕಡತ ವ್ಯವಸ್ಥೆಯನ್ನು ಕಂಪ್ಯೂಟರ್‌ಗೆ ಕಲಿಸುವ ಚಾಲಕ ತಂತ್ರಾಂಶ ಬೇಕಾಗುತ್ತದೆ. ಮ್ಯಾಕ್‌ನಿಂದ ಎನ್‌ಟಿಎಫ್‌ಎಸ್ ಮೇಲೆ ಬರೆಯಲು ಪ್ಯಾರಾಗಾನ್ ಮತ್ತು ಟಕ್ಸೆರಾ ಸಂಸ್ಥೆಗಳ ತಂತ್ರಾಂಶಗಳು ಹಣಕ್ಕೆ ಸಿಗುತ್ತವೆ. ವಿಂಡೋಸ್‌ನಲ್ಲಿ ಮ್ಯಾಕ್ ಡ್ರೈವ್ ತೆರೆಯಲು ಪ್ಯಾರಾಗಾನ್‌ನ ತಂತ್ರಾಂಶ ಮತ್ತು ಮ್ಯಾಕ್‌ಡ್ರೈವ್ ಇವೆ. ಉಚಿತವಾದ ಎಚ್‌ಎಫ್‌ಎಸ್ ಎಕ್ಸ್‌ಪ್ಲೋರರ್ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡ್ರೈವ್‌ನಿಂದ ಕಡತಗಳನ್ನು ಓದಿ ಹೊರತೆಗೆಯುತ್ತದೆ, ಬರೆಯುವುದಿಲ್ಲ.

ಬೀಗ ಹಾಕಿದ ಡ್ರೈವ್‌ನ ಮಾತು ಬೇರೆ. ಬಿಟ್‌ಲಾಕರ್‌ನಿಂದ ಗೂಢಲಿಪಿಗೊಳಿಸಿದ ಎನ್‌ಟಿಎಫ್‌ಎಸ್ ಡ್ರೈವನ್ನು ಮ್ಯಾಕ್ ತಾನಾಗಿ ಓದಲಾರದು. ವಿಂಡೋಸ್ ಕಂಪ್ಯೂಟರ್ ಪೂರ್ತಿ ನಿಲ್ಲದೆ ಅರೆನಿದ್ರೆಗೆ ಹೋಗಿದ್ದಾಗ ಡ್ರೈವನ್ನು ಕಿತ್ತು ತಂದರೆ, ಮ್ಯಾಕ್‌ನ ಚಾಲಕ ತಂತ್ರಾಂಶಗಳೂ ಸುರಕ್ಷತೆಗಾಗಿ ಬರೆಯಲು ನಿರಾಕರಿಸಬಹುದು. ಅದನ್ನು ವಿಂಡೋಸ್‌ಗೆ ಮರಳಿ ಜೋಡಿಸಿ ಸರಿಯಾಗಿ ಹೊರತೆಗೆಯುವುದೇ ಪರಿಹಾರ.

ಎರಡೂ ಕಂಪ್ಯೂಟರ್‌ಗಳು ಒಂದೇ ವೈ-ಫೈ ಜಾಲದಲ್ಲಿದ್ದರೆ ಚಾಲಕವೇ ಬೇಡ. ಡ್ರೈವನ್ನು ಮ್ಯಾಕ್‌ಗೆ ಜೋಡಿಸಿ ಅದರ `File Sharing` ಚಾಲೂ ಮಾಡಿದರೆ ಡ್ರೈವನ್ನು ಓದುವ ಕೆಲಸ ಮ್ಯಾಕ್‌ನದು. ಜಾಲದ ಮೂಲಕ ವಿಂಡೋಸ್‌ಗೆ ತಲುಪುವುದು ಕಡತ ಮಾತ್ರ. ವೇಗ ಕಡಿಮೆಯಿದ್ದರೂ ಕೆಲವೇ ಕಡತಗಳಿಗೆ ಇದು ಸುಲಭ ದಾರಿ.

ಡ್ರೈವ್ ಕಾಣಿಸದಿದ್ದಾಗ

ಎನ್‌ಟಿಎಫ್‌ಎಸ್ ತನ್ನ ದಾಖಲೆಯ ಪ್ರತಿ ಬದಲಾವಣೆಯ ಟಿಪ್ಪಣಿ ಬರೆದಿಟ್ಟುಕೊಂಡು ಮುಂದುವರಿಯುತ್ತದೆ; ವಿದ್ಯುತ್ ಹೋದರೂ ಅರ್ಧಕ್ಕೆ ನಿಂತ ಕೆಲಸವನ್ನು ಗುರುತಿಸಬಲ್ಲದು. ಎಕ್ಸ್‌ಫ್ಯಾಟ್‌ಗೆ ಈ ರಕ್ಷಣೆ ಇಲ್ಲ. ಬರೆಯುತ್ತಿರುವಾಗ ಕೇಬಲ್ ಎಳೆದರೆ ದಾಖಲೆ ಅಪೂರ್ಣವಾಗಿಯೇ ಉಳಿಯುತ್ತದೆ. ಹಾಗಾಗಿ ಎರಡು ಕಡೆಯೂ `Eject` ಒತ್ತಿಯೇ ಡ್ರೈವನ್ನು ತೆಗೆಯಬೇಕು.

ಹಾಗೆ ಕಿತ್ತ ದೊಡ್ಡ ಡ್ರೈವನ್ನು ಮ್ಯಾಕ್‌ಗೆ ಜೋಡಿಸಿದರೆ ಅದು ಬಹಳ ಹೊತ್ತು ಕಾಣಿಸದೆ ಇರಬಹುದು, ಆದರೆ ಅದರ ದೀಪ ಮಿನುಗುತ್ತಿರುತ್ತದೆ. ಮ್ಯಾಕ್ ತೆರೆಮರೆಯಲ್ಲಿ ಇಡೀ ಡ್ರೈವ್‌ನ ದಾಖಲೆಯನ್ನು ಪರೀಕ್ಷಿಸುತ್ತಿರುತ್ತದೆ. ಇದನ್ನು `Terminal`ನಲ್ಲಿ ಖಚಿತಪಡಿಸಿಕೊಳ್ಳಬಹುದು:

```
pgrep -l fsck
```

ಉತ್ತರದಲ್ಲಿ `fsck_exfat` ಕಂಡರೆ ಪರೀಕ್ಷೆ ನಡೆಯುತ್ತಿದೆ ಎಂದರ್ಥ. ಆಗ ಕೇಬಲ್ ಮುಟ್ಟದೆ ಕಾಯಬೇಕು. ಕಾದರೂ ತೆರೆಯದಿದ್ದರೆ ಡ್ರೈವನ್ನು ವಿಂಡೋಸ್‌ಗೆ ಜೋಡಿಸಿ, ಅದಕ್ಕೆ ಸಿಕ್ಕ ಅಕ್ಷರ `E` ಆಗಿದ್ದರೆ ನಿರ್ವಾಹಕ ಅಧಿಕಾರದ ಕಮಾಂಡ್ ಕಿಟಕಿಯಲ್ಲಿ ಹೀಗೆ ಬರೆಯಬೇಕು:

```
chkdsk E: /f
```

ಡ್ರೈವ್ ಓದಲು ಬರುತ್ತಿದ್ದರೆ, ಈ ಆಜ್ಞೆಗೆ ಮೊದಲೇ ಮುಖ್ಯ ಕಡತಗಳನ್ನು ಬೇರೆಡೆಗೆ ನಕಲಿಸಿಕೊಳ್ಳಬೇಕು. ದಾಖಲೆಯನ್ನು ಸರಿಪಡಿಸುವಾಗ ಯಾವ ಕಡತಕ್ಕೂ ಸೇರದೆ ಉಳಿದ ತುಣುಕುಗಳನ್ನು ಈ ಆಜ್ಞೆ ಮೂಲ ಹೆಸರಿಲ್ಲದೆ `.CHK` ಕಡತಗಳಾಗಿ ಉಳಿಸುವುದುಂಟು.