ಹಬ್ಬ, ಫೆತ್, ವಾಢದಿವಸ

‘ಹಬ್ಬ’ದ ಮೂಲ ಸಂಸ್ಕೃತದ ‘ಪರ್ವ’. ಪರ್ವ ಪಬ್ಬವಾಯಿತು. ಹಳಗನ್ನಡದ ಪಾಲ್ ಹಾಲಾದ ಹಾಗೆ, ಪೂ ಹೂವಾದ ಹಾಗೆ ಪಬ್ಬದ ತಲೆಯ ಪಕಾರವೂ ಹಕಾರವಾಗಿ ಹಬ್ಬ ಎಂದು ನಿಂತಿತು. ಪರ್ವ ಎಂದರೆ ಮೊದಲಿಗೆ ಗೆಣ್ಣು, ಅಂದರೆ ಬಿದಿರು ಕಬ್ಬುಗಳಲ್ಲಿ ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಗಂಟು. ತಿಂಗಳಿನ ಓಟದಲ್ಲಿ ಹಾಗೆ ಗಂಟುಬಿದ್ದ ಹುಣ್ಣಿಮೆ ಅಮಾವಾಸ್ಯೆಗಳಿಗೂ ಅದೇ ಹೆಸರು ಬಂತು, ಆಮೇಲೆ ಆ ದಿನದ ಪೂಜೆ ಊಟ ಸಡಗರಕ್ಕೂ ಬಂತು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಇದನ್ನು ಹೇಳಿದರೆ ಯಾರಿಗೂ ಬಿಡಿಸಿ ತಿಳಿಸಬೇಕಾಗಿಲ್ಲ. ಕೃಷ್ಣಾ ನದಿಯ ನೀರಿಗೆ ಕಬ್ಬು ಬೆಳೆಯುವ ನೆಲ ಇದು. ಕಣ್ಣು ಇರುವುದು ಗೆಣ್ಣಿನಲ್ಲಿ. ಬೀಜದ ಕಬ್ಬನ್ನು ಎರಡು ಕಣ್ಣಿನ ತುಂಡು, ಮೂರು ಕಣ್ಣಿನ ತುಂಡು ಎಂದು ಕಡಿದು ನಾಟಿ ಮಾಡುತ್ತಾರೆ, ಹೊಸ ಮೊಳಕೆ ಆ ಕಣ್ಣಿನಿಂದಲೇ ಒಡೆಯುತ್ತದೆ.

ಹುಟ್ಟಿದ ದಿನಕ್ಕೆ ಈ ಹಬ್ಬ ಸೇರಿಕೊಂಡದ್ದು ನಮ್ಮ ಕಡೆಯ ಮನೆಗಳಲ್ಲಿ ತೀರ ಈಚೆಗೆ. ಹಿಂದೆ ಕೂಸಿಗೆ ತೊಟ್ಟಿಲು ಕಟ್ಟುತ್ತಿದ್ದರು, ಜಾವಳ ತೆಗೆಸುತ್ತಿದ್ದರು, ಅಲ್ಲಿಗೆ ಮುಗಿಯಿತು. ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ‘ಚಿಂಚಲಿ ಮಾಯಕ್ಕನ ಜಾತ್ರಿ ಎರಡ ದಿನಾ ಇತ್ತು’ ಎಂಬ ಉತ್ತರ ಬರುತ್ತಿತ್ತು. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಒಂದು ತಾರೀಖು ಬರೆಯಲೇಬೇಕಲ್ಲ, ಜೂನ್ 1 ಎಂದು ಬರೆದುಬಿಡುತ್ತಿದ್ದರು. ಅರವತ್ತು ದಾಟಿದವರ ಕಾಗದಪತ್ರ ತೆಗೆದು ನೋಡಿ, ಎಷ್ಟು ಮಂದಿ ಒಂದೇ ದಿನ ಹುಟ್ಟಿದ್ದಾರೆ ಎಂದು ಬೆರಗಾಗುತ್ತೀರಿ. ಹುಟ್ಟುಹಬ್ಬ ಎಂಬ ಜೋಡುಪದ ಮೊದಲು ಪತ್ರಿಕೆಯಲ್ಲಿ ಬಂತು, ಆಮೇಲೆ ಫ್ಲೆಕ್ಸಿನ ಮೇಲೆ ಬಂತು, ಮಾತಿನಲ್ಲಿ ಇವತ್ತಿಗೂ ‘ಬರ್ತಡೇ’ಯದೇ ಓಡಾಟ.

ನಿಪ್ಪಾಣಿಗೆ ಹೋದರೆ ಅದೇ ಫ್ಲೆಕ್ಸು ಮರಾಠಿಯಲ್ಲಿ ‘ವಾಢದಿವಸ’ ಎನ್ನುತ್ತದೆ. ವಾಢ ಎಂದರೆ ಬೆಳವಣಿಗೆ, ವಾಢದಿವಸ ಎಂದರೆ ಬೆಳೆದ ದಿನ. ಎಲೆಗೆ ಅನ್ನ ಬಡಿಸುವುದಕ್ಕೂ ಮರಾಠಿಯಲ್ಲಿ ‘ವಾಢಣೆ’ ಎಂದೇ ಹೇಳುತ್ತಾರೆ. ಬಡಿಸುವುದು ಬೆಳೆಯುವುದು ಎರಡಕ್ಕೂ ಒಂದೇ ಮಾತು ಇರುವ ಭಾಷೆಯಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ ಎಂದು ನನಗೆ ಅನ್ನಿಸುತ್ತದೆ.

ಈ ಎರಡು ಶಬ್ದಗಳ ಜೊತೆಗೆ ಮೂರನೆಯದೊಂದು ಸೇರಿದ್ದು ಫ್ರೆಂಚಿನಿಂದ. ರಾಯಬಾಗದ ನನ್ನ ಗೆಳತಿ ಗಂಡನ ಜೊತೆ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾಳೆ. ಆ ಊರಿರುವ ಕ್ಯುಬೆಕ್ ಪ್ರಾಂತ್ಯ 1977ರಲ್ಲಿ ಮಾಡಿದ ಭಾಷಾ ಕಾನೂನಿನ ಪ್ರಕಾರ ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ಮನೆಯಲ್ಲಿ ಕನ್ನಡ, ಹೊರಗೆ ಫ್ರೆಂಚ್. ಗಡಿಯ ಊರುಗಳಲ್ಲಿ ಎರಡು ಭಾಷೆಯ ನಡುವೆ ಬೆಳೆದ ನಮಗೆ ಅದೇನೂ ಹೊಸದಲ್ಲ. ಮಗಳಿಗೆ ಐದು ತುಂಬುವ ಹೊತ್ತಿಗೆ ಗೆಳತಿ ಫೋನು ಮಾಡಿ, ‘ನೀ ಕಾಲೇಜಿನ್ಯಾಗ ಫ್ರೆಂಚ್ ಕಲ್ತೀದಿ. ಆಕಿಗಿ ಫ್ರೆಂಚಿನ್ಯಾಗ ನಾಕ ಮಾತ ಹೇಳಿ ಕಳಸ. ಊರಿಂದ ಬಂತಂದ್ರ ಭಾಳ ಹಿಗ್ಗತಾಳ’ ಎಂದಳು. ಕೂಸಿಗೆ ಓದಲು ಬರುವುದಿಲ್ಲ. ಆದ್ದರಿಂದ ಇದು ದನಿಯಲ್ಲಿ ಹೋಗಬೇಕಾದ ಸಂದೇಶ. ನಾನು ಅದನ್ನು ಮೊದಲು ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ.

ಪುಸ್ತಕದ ಫ್ರೆಂಚಿನಲ್ಲಿ ಹುಟ್ಟುಹಬ್ಬಕ್ಕೆ ‘ಆನಿವೆರ್ಸೇರ್’. ವರ್ಷ ಎಂಬ ಲ್ಯಾಟಿನ್ ಶಬ್ದವೂ ತಿರುಗು ಎಂಬ ಇನ್ನೊಂದೂ ಕೂಡಿ ಆದದ್ದು, ವರ್ಷ ತಿರುಗಿ ಬಂತು ಎಂದು ಅರ್ಥ. ಮದುವೆಯ ವರ್ಷಕ್ಕೂ ಅದೇ, ಸತ್ತವರ ನೆನಪಿನ ದಿನಕ್ಕೂ ಅದೇ. ಪ್ಯಾರಿಸ್ಸಿನ ಮಗುವಿಗೆ ‘ಬೊನಾನಿವೆರ್ಸೇರ್’ ಎಂದೇ ಹೇಳಬೇಕು. ಮಾಂಟ್ರಿಯಲ್ಲಿನ ಮಗುವಿಗೆ ಹಾಗಲ್ಲ. ಅಲ್ಲಿಯ ಜನರ ಬಾಯಲ್ಲಿ ಹುಟ್ಟುಹಬ್ಬವೆಂದರೆ ‘ಫೆತ್’, ಹಾರೈಕೆ ‘ಬೊನ್ ಫೆತ್’. ಫೆತ್ ಎಂದರೆ ಹಬ್ಬ! ಹುಟ್ಟು ಎಂಬ ಮುಂಭಾಗವನ್ನೂ ಬಿಟ್ಟು ಬರೀ ಹಬ್ಬ. ಜೂನ್ 24ರ ನಾಡಹಬ್ಬಕ್ಕೂ ಅವರು ಫೆತ್ ಎನ್ನುತ್ತಾರೆ, ಐದು ವರ್ಷದ ಹುಡುಗಿ ಕೇಕು ಕೊಯ್ಯುವ ದಿನಕ್ಕೂ ಫೆತ್ ಎನ್ನುತ್ತಾರೆ. ಕವಿ ಝೀಲ್ ವಿನ್ಯೋ 1975ರ ನಾಡಹಬ್ಬದಲ್ಲಿ ಮೊದಲ ಸಲ ಹಾಡಿದ ‘ಝಾಂ ದ್ಯು ಪೇಯಿ’ ಎಂಬ ಹಾಡಿನ ಪಲ್ಲವಿಯನ್ನು ಒಂದೆರಡು ಶಬ್ದ ಬದಲಿಸಿ ಮನೆಮನೆಯ ಹುಟ್ಟುಹಬ್ಬದಲ್ಲಿ ಹಾಡುವುದು ಅಲ್ಲಿಯ ರೂಢಿ. ನಾಡಿನ ಹಬ್ಬದಿಂದ ಕೂಸಿನ ಹಬ್ಬಕ್ಕೆ ಹಾಡೂ ನಡೆದು ಬಂದಿದೆ.

ಫ್ರಾನ್ಸಿನಲ್ಲಿ ‘ಬೊನ್ ಫೆತ್’ ಎಂದರೆ ಬೇರೆಯೇ ಅರ್ಥವಾಗುತ್ತದೆ. ಅಲ್ಲಿಯ ಕ್ಯಾಲೆಂಡರಿನಲ್ಲಿ ಹೆಚ್ಚುಕಡಿಮೆ ದಿನಕ್ಕೊಬ್ಬ ಸಂತ, ಆ ಸಂತನ ಹೆಸರಿಟ್ಟುಕೊಂಡವರಿಗೆ ಆ ದಿನ ಬೊನ್ ಫೆತ್ ಹೇಳುತ್ತಾರೆ. ಆದ್ದರಿಂದ ಹಾರೈಕೆ ಬರೆಯುವ ಮೊದಲು ಮಗು ಯಾವ ಊರಿನಲ್ಲಿ ಬೆಳೆಯುತ್ತಿದೆ ಎಂದು ಕೇಳಿಕೊಳ್ಳಬೇಕು. ಹುಡುಗನೋ ಹುಡುಗಿಯೋ ಎಂಬುದನ್ನೂ ನೋಡಬೇಕು. ದೊಡ್ಡವನಾದೆ ಎನ್ನಲು ‘ಗ್ರಾಂ’, ದೊಡ್ಡವಳಾದೆ ಎನ್ನಲು ‘ಗ್ರಾಂದ್’. ಎಲ್ಲಿಂದಲೋ ಎತ್ತಿದ ಸಿದ್ಧ ಸಂದೇಶ ಹುಡುಗನಿಗೆ ಬರೆದದ್ದಾಗಿದ್ದರೆ ಕೊನೆಯ ಆ ಒಂದು ‘ದ್’ ಇಲ್ಲದ್ದು ಐದು ವರ್ಷದವಳ ಕಿವಿಗೂ ಗೊತ್ತಾಗಿಬಿಡುತ್ತದೆ.

ಇನ್ನು ಕರೆಯುವುದು ಹೇಗೆ? ಫ್ರೆಂಚ್ ತಾಯಂದಿರು ಮಗುವನ್ನು ಮುದ್ದಿನಿಂದ ‘ಮೊಂ ಶೂ’ ಎನ್ನುತ್ತಾರೆ, ನನ್ನ ಕೋಸುಗಡ್ಡೆ ಎಂದ ಹಾಗೆ. ‘ಮಾ ಪ್ಯೂಸ್’ ಎಂದೂ ಕರೆಯುತ್ತಾರೆ, ಅದು ನನ್ನ ಚಿಗಟ. ನಾನು ಎರಡನೆಯದನ್ನು ಆರಿಸಿದೆ. ರಾಯಬಾಗದಲ್ಲಿರುವ ಕೂಸಿನ ಅಜ್ಜಿಗೆ ಅರ್ಥ ಹೇಳಿದಾಗ, ‘ಹಬ್ಬದ ದಿನಾ ಕೂಸಿಗಿ ಚಿಗಟ ಅಂತಾರೇನವಾ?’ ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ, ‘ಹೌದ ಬಿಡ, ನಮ್ಮಲ್ಲೂ ತಿಪ್ಪಣ್ಣ ಅಂತ ಹೆಸರ ಇಡ್ತಿದ್ರಲ್ಲ, ದೃಷ್ಟಿ ಆಗಬಾರದಂತ’ ಎಂದು ಒಪ್ಪಿದರು.

ಪ್ಯೂಸ್ ಆರಿಸಲು ಬೇರೆ ಕಾರಣವೂ ಇತ್ತು. ಗಿಡ ಚಿಗುರುವುದಕ್ಕೆ, ಮಕ್ಕಳು ಸರಸರ ಬೆಳೆಯುವುದಕ್ಕೆ ಫ್ರೆಂಚಿನಲ್ಲಿ ‘ಪೂಸ್’ ಎಂಬ ಕ್ರಿಯಾಪದವಿದೆ. ‘ಮಾ ಪ್ಯೂಸ್, ತ್ಯು ಪೂಸ್!’ ಎಂದರೆ ನನ್ನ ಚಿಗಟವೇ, ಚಿಗುರುತ್ತಿದ್ದೀ ಎಂದಾಯಿತು. ಎರಡು ಶಬ್ದಕ್ಕೂ ನಡುವಿನ ಸ್ವರವೊಂದೇ ವ್ಯತ್ಯಾಸ. ಪೂಸ್‌ನದು ನಮ್ಮ ಊಕಾರವೇ. ಪ್ಯೂಸ್‌ನ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ, ‘ಪ್ಯೂ’ ಎಂದು ಬರೆದದ್ದು ಹತ್ತಿರದ ಗುರುತು ಮಾತ್ರ, ಅದರಲ್ಲಿ ಯಕಾರ ಕೇಳಿಸಬಾರದು. ನಾಲಿಗೆಯನ್ನು ‘ಈ’ ಎನ್ನುವಾಗ ಇರುವಲ್ಲೇ ಇಟ್ಟು, ತುಟಿಯನ್ನು ಮಾತ್ರ ‘ಊ’ ಎನ್ನುವ ಹಾಗೆ ದುಂಡಗೆ ಮಾಡಿದರೆ ಅದು ಬರುತ್ತದೆ. ಬಂತೋ ಇಲ್ಲವೋ ತಿಳಿಯಬೇಕಾದರೆ ‘ಈ’ ಎಂದು ದನಿ ಎಳೆಯುತ್ತ ನಾಲಿಗೆ ಅಲುಗಿಸದೆ ತುಟಿ ದುಂಡಗೆ ಮಾಡುತ್ತ ಬನ್ನಿ. ದನಿ ಬದಲಾಗುವುದು ನಿಮಗೇ ಕೇಳುತ್ತದೆ. ತಪ್ಪಿ ‘ಮಾ ಪೂಸ್’ ಎಂದರೂ ಹಾನಿಯಿಲ್ಲ, ಪೂಸ್ ಎಂದರೆ ಮೊಳಕೆ ಎಂಬ ನಾಮಪದವೂ ಹೌದು. ಚಿಗಟದ ಬದಲು ಮೊಳಕೆಯಾದಳು ಅಷ್ಟೆ.

‘ತ್ಯು’ ಎಂಬಲ್ಲೂ ಅದೇ ಸ್ವರ. ಆದರೆ ಕ್ಯುಬೆಕ್‌ನವರು ಅದನ್ನು ‘ತ್ಸ್ಯು’ ಎಂಬ ಹಾಗೆ ಉಚ್ಚರಿಸುತ್ತಾರೆ. ಬೆಂಗಳೂರಿನವರಿಗೆ ಇದು ಕಷ್ಟವಾದೀತು. ನಿಪ್ಪಾಣಿಯವರಿಗೆ ಆಗಲಾರದು. ಮರಾಠಿಯ ‘ಚಾಂಗಲಾ’ದ ಮೊದಲಕ್ಷರವನ್ನು ‘ತ್ಸಾ’ ಎಂದು ಅನ್ನುತ್ತ ಬೆಳೆದ ನಾಲಿಗೆ ಅದು.

ವಯಸ್ಸು ಹೇಳುವುದರಲ್ಲೂ ಒಂದು ತೊಡಕಿದೆ. ನಮ್ಮಲ್ಲಿ ‘ಐದ ತುಂಬಿ ಆರರಾಗ ಬಿತ್ತು’ ಎನ್ನುತ್ತಾರೆ, ಅಜ್ಜಿ ಮೊಮ್ಮಗಳಿಗೆ ಆರು ಎಂದೇ ಲೆಕ್ಕ ಹಿಡಿದಿದ್ದರು. ಫ್ರೆಂಚರು ತುಂಬಿದ್ದನ್ನು ಮಾತ್ರ ಎಣಿಸುತ್ತಾರೆ, ವಯಸ್ಸು ಇದೆ ಎನ್ನುತ್ತಾರೆಯೇ ಹೊರತು ಆಯಿತು ಎನ್ನುವುದಿಲ್ಲ. ‘ತ್ಯು ಆ ಸ್ಯಾಂಕಾಂ’ ಎಂದರೆ ನಿನ್ನಲ್ಲಿ ಐದು ವರ್ಷ ಇವೆ. ಸ್ಯಾಂಕ್ ಐದು, ಆಂ ವರ್ಷ, ಎರಡನ್ನೂ ನಮ್ಮ ಸಂಧಿಯ ಹಾಗೆ ಕೂಡಿಸಿಯೇ ಹೇಳಬೇಕು. ಮುಂದೆ ವ್ಯಂಜನ ಬಂದರೆ ಆ ಕಕಾರವನ್ನು ಹಲವರು ನುಂಗುತ್ತಾರೆ, ಅದಕ್ಕೇ ಐದು ಮೇಣಬತ್ತಿ ಎನ್ನಲು ‘ಸ್ಯಾಂ ಬೂಝಿ’ ಎಂದು ಬರೆದುಕೊಂಡೆ. ಮುತ್ತಿಗೆ ‘ಬೀಝೂ’. ಬೂಝಿ, ಬೀಝೂ ಎಂದು ಸ್ವರ ಅದಲುಬದಲಾಗುವುದು ಮಕ್ಕಳಿಗೆ ತಾನಾಗಿಯೇ ನಗು ತರಿಸುತ್ತದೆ. ಬೂಝಿಯ ಝಕಾರವನ್ನು ಮೆತ್ತಗೆ, ಶಕಾರಕ್ಕೆ ದನಿ ಕೊಟ್ಟ ಹಾಗೆ ಹೇಳಬೇಕು. ಬೀಝೂವಿನದು ಸಕಾರಕ್ಕೆ ದನಿ ಕೊಟ್ಟ ಹಾಗೆ.

ಬೇಗ ಬೆಳೆಯುವ ಮಗುವಿಗೆ ಫ್ರೆಂಚರು ಅಣಬೆಯಂತೆ ಬೆಳೆಯುತ್ತೀ ಎನ್ನುತ್ತಾರೆ. ಅಣಬೆಯ ಜಾಗದಲ್ಲಿ ನಾನು ‘ಕಾನ್ ಆ ಸ್ಯುಕ್ರ್’ ಇಟ್ಟೆ, ಅಂದರೆ ಕಬ್ಬು. ಆಕೆ ಊರಿಗೆ ಬಂದಾಗ ಗದ್ದೆಯ ಬದುವಿನಲ್ಲಿ ನಿಂತು ಕಬ್ಬು ಸಿಗಿದು ತಿಂದವಳು, ಮಾತು ಕಣ್ಣಿಗೆ ಕಟ್ಟುತ್ತದೆ. ಕೊನೆಗೆ ಸಂದೇಶ ಹೀಗೆ ನಿಂತಿತು:

ಬೊನ್ ಫೆತ್, ಮಾ ಪ್ಯೂಸ್!
ಇಯೇರ್, ತ್ಯು ಆವೆ ಕಾತ್ರಾಂ.
ಓಝೂರ್ದ್ವಿ, ತ್ಯು ಆ ಸ್ಯಾಂಕಾಂ.
ತ್ಯು ಪೂಸ್, ತ್ಯು ಪೂಸ್, ಕೊಮ್ ಯ್ಯುನ್ ಕಾನ್ ಆ ಸ್ಯುಕ್ರ್!
ಸ್ಯಾಂ ಬೂಝಿ, ಸ್ಯಾಂ ಬೀಝೂ.
ಸೂಫ್ಲ್, ಸೂಫ್ಲ್, ಸೂಫ್ಲ್!

ಹಬ್ಬ ಚಲೋ ಆಗಲಿ, ನನ್ನ ಚಿಗಟವೇ. ನಿನ್ನೆ ನಿನಗೆ ನಾಲ್ಕು, ಇವತ್ತು ಐದು. ಕಬ್ಬು ಎದ್ದ ಹಾಗೆ ಏಳುತ್ತಿದ್ದೀ. ಐದು ಬತ್ತಿ, ಐದು ಮುತ್ತು. ಊದು, ಊದು, ಊದು! ‘ಸೂಫ್ಲ್’ ಎಂಬ ಶಬ್ದ ಬಾಯಿಂದ ಹೊರಡುವಾಗಲೇ ಅರ್ಧ ಊದಿದ ಹಾಗಾಗುತ್ತದೆ, ಅದನ್ನು ಅವಸರ ಮಾಡದೆ, ಮೂರು ಸಲಕ್ಕೂ ಉಸಿರು ಬಿಟ್ಟೇ ಹೇಳಬೇಕು. ಇಡೀ ಸಂದೇಶದಲ್ಲಿ ಐದು ವರ್ಷದವರಿಗೆ ಗೊತ್ತಿರದ ಶಬ್ದ ಒಂದೂ ಇಲ್ಲ. ದೀರ್ಘಾಯುಷ್ಯ, ಯಶಸ್ಸು, ಕನಸುಗಳೆಲ್ಲ ನನಸಾಗಲಿ ಎಂಬಂಥ ಹಾರೈಕೆಗಳನ್ನು ತಾಯಿತಂದೆಗೆ ಬೇರೆಯಾಗಿ ಹೇಳಿದರಾಯಿತು. ಕೂಸಿಗೆ ಬೇಕಾದದ್ದು ಬತ್ತಿ, ಮುತ್ತು, ಎಣಿಕೆ.

ಮುಂದಿನ ವರ್ಷ ಇದನ್ನೇ ಮತ್ತೆ ಕಳಿಸಬಹುದು. ಕಾತ್ರಾಂ ಇದ್ದಲ್ಲಿ ಸ್ಯಾಂಕಾಂ ಬರಬೇಕು, ಸ್ಯಾಂಕಾಂ ಇದ್ದಲ್ಲಿ ‘ಸೀಝಾಂ’. ಬತ್ತಿ ಮುತ್ತುಗಳ ಲೆಕ್ಕಕ್ಕೆ ‘ಸಿ’ ಎಂದರೆ ಸಾಕು, ಆರರ ಕೊನೆಯ ದನಿ ವ್ಯಂಜನದ ಮುಂದೆ ಬಿದ್ದುಹೋಗುತ್ತದೆ.