ಬೇರಿಂಗಿನ ಎಣ್ಣೆ ಪದರ

ತಿರುಗುವ ಶಾಫ್ಟಿಗೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ನಿಂತು, ಲೋಹಕ್ಕೆ ಲೋಹ ತಾಗದಂತೆ ಭಾರವನ್ನು ಹೊರುವ ತೆಳು ಎಣ್ಣೆಯೇ ಎಣ್ಣೆ ಪದರ. ಬುಶ್ ಮಾದರಿಯ ಸಾದಾ ಬೇರಿಂಗುಗಳಲ್ಲಿ ಹೊರಗಿನ ಪಂಪು ಎಣ್ಣೆಯನ್ನು ತಲುಪಿಸುತ್ತದೆ ಅಷ್ಟೇ. ಭಾರವನ್ನು ಎತ್ತುವ ಒತ್ತಡ ಹುಟ್ಟುವುದು ಶಾಫ್ಟಿನ ತಿರುಗುವಿಕೆಯಿಂದ.

ಟವರ್ ಪ್ರಯೋಗ

ಈ ಒತ್ತಡ ಬೆಳಕಿಗೆ ಬಂದದ್ದು ಅದನ್ನು ಹುಡುಕದೆ ಇದ್ದಾಗ. 1883ರಲ್ಲಿ ಇಂಗ್ಲೆಂಡಿನ ಬೋಷಾಂಪ್ ಟವರ್, ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ಬೇರಿಂಗಿನ ಘರ್ಷಣೆಯನ್ನು ಅಳೆಯುತ್ತಿದ್ದರು. 4 ಅಂಗುಲ ವ್ಯಾಸದ ಉಕ್ಕಿನ ಶಾಫ್ಟಿನ ತಳಭಾಗ ಎಣ್ಣೆಯಲ್ಲಿ ಮುಳುಗಿತ್ತು, ಮೇಲೆ ಕೂತ ಹಿತ್ತಾಳೆಯ ಬೇರಿಂಗಿನ ಮೇಲೆ ಭಾರ ಹೇರಲಾಗಿತ್ತು. ಎಣ್ಣೆ ಬಟ್ಟಲು ಕೂರಿಸಲೆಂದು ಬೇರಿಂಗಿನ ನೆತ್ತಿಗೆ ತೂತು ಕೊರೆದು ಯಂತ್ರ ಓಡಿಸಿದಾಗ, ಎಣ್ಣೆ ಒಳಗಿಳಿಯುವ ಬದಲು ಆ ತೂತಿನಿಂದಲೇ ಮೇಲಕ್ಕೆ ಉಕ್ಕಿತು. ಬಿರಡೆ ಜಡಿದರೆ ಅದನ್ನೂ ಹೊರಗೆ ತಳ್ಳಿತು. ಕೊನೆಗೆ ಗೇಜು ಜೋಡಿಸಿದರು. ಹೇರಿದ ಭಾರದ ಲೆಕ್ಕದಲ್ಲಿ ಸರಾಸರಿ ಒತ್ತಡ ಚದರ ಅಂಗುಲಕ್ಕೆ ಸುಮಾರು 100 ಪೌಂಡ್ ಇರಬೇಕಿತ್ತು. ಮುಳ್ಳು 200 ಪೌಂಡನ್ನೂ ದಾಟಿತು. ಬೇರಿಂಗು ಎಣ್ಣೆಯ ಮೇಲೆ ತೇಲುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿರಲಿಲ್ಲ. ಭಾರ ಹೊರುವ ಜಾಗದಲ್ಲೇ ಎಣ್ಣೆ ತೂತು ಕೊರೆಯುವ ಆ ಕಾಲದ ವಾಡಿಕೆ ತಪ್ಪೆಂಬುದೂ ಇದರಿಂದ ತಿಳಿಯಿತು: ಅಲ್ಲಿ ತೂತಿದ್ದರೆ ಒತ್ತಡ ಸೋರಿಹೋಗುತ್ತದೆ.

ಪದರ ಕಟ್ಟುವ ಬಗೆ

ಟವರ್ ಕಂಡದ್ದಕ್ಕೆ 1886ರಲ್ಲಿ ಗಣಿತದ ವಿವರಣೆ ಕೊಟ್ಟವರು ಆಸ್ಬರ್ನ್ ರೆನಾಲ್ಡ್ಸ್. ಶಾಫ್ಟಿನ ವ್ಯಾಸ ಬೇರಿಂಗಿನ ಒಳವ್ಯಾಸಕ್ಕಿಂತ ಒಂದಿಷ್ಟು ಕಡಿಮೆ ಇರುತ್ತದೆ. ನಿಂತಾಗ ಶಾಫ್ಟು ತಳವನ್ನು ತಾಗಿ ಕೂತಿರುತ್ತದೆ. ತಿರುಗತೊಡಗಿದಾಗ ಅದರ ಮೈಗೆ ಅಂಟಿದ ಎಣ್ಣೆಯೂ ಜೊತೆಗೆ ಎಳೆಯಲ್ಪಟ್ಟು, ಅಗಲದಿಂದ ಕಿರಿದಾಗುತ್ತ ಹೋಗುವ ಬೆಣೆಯಾಕಾರದ ಸಂದಿಗೆ ನುಗ್ಗುತ್ತದೆ. ಕಿರಿದಾದ ತುದಿಯಲ್ಲಿ ಅಷ್ಟೂ ಎಣ್ಣೆಗೆ ಹೊರಬೀಳಲು ಜಾಗವಿಲ್ಲ. ಅದರ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ಹಿಂದಕ್ಕೂ ಪಕ್ಕಕ್ಕೂ ಸುಲಭವಾಗಿ ಜಾರಗೊಡದು. ಹೀಗೆ ಏರಿದ ಒತ್ತಡ ಶಾಫ್ಟನ್ನು ಎತ್ತುತ್ತದೆ. ಎತ್ತಿದ ಮೇಲೆ ಶಾಫ್ಟು ನಡುಮಧ್ಯದಲ್ಲಿ ನಿಲ್ಲದೆ ತುಸು ಪಕ್ಕಕ್ಕೆ ಸರಿದಿರುತ್ತದೆ. ಆ ಓರೆಯೇ ಬೆಣೆಯನ್ನು ಉಳಿಸುತ್ತದೆ.

ಒಂದು ಉದಾಹರಣೆ: 100 ಮಿ.ಮೀ. ವ್ಯಾಸ, ಅಷ್ಟೇ ಉದ್ದದ ಬೇರಿಂಗು, ಸುತ್ತಲೂ 0.05 ಮಿ.ಮೀ. ಸಂದಿ, ಸುಮಾರು ಒಂದು ಟನ್ ಭಾರ. 46ನೇ ದರ್ಜೆಯ ಎಣ್ಣೆ 60 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು, ಶಾಫ್ಟು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಪದರದ ಅತಿ ತೆಳುವಾದ ಜಾಗವೂ 35 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಅದೇ ಎಣ್ಣೆ, ಅದೇ ಬಿಸಿಯಲ್ಲಿ ವೇಗ 15 ಸುತ್ತಿಗೆ ಇಳಿದರೆ ಅಲ್ಲಿ ಉಳಿಯುವುದು ಒಂದೆರಡು ಮೈಕ್ರಾನ್. ಚೆನ್ನಾಗಿ ನಯಗೊಳಿಸಿದ ಲೋಹದ ಉಬ್ಬುತಗ್ಗುಗಳೂ ಹೆಚ್ಚುಕಡಿಮೆ ಇದೇ ಅಳತೆಯವು, ಆದ್ದರಿಂದ ತಿಕ್ಕಾಟ ಶುರುವಾಗುತ್ತದೆ. ಸಾದಾ ಬೇರಿಂಗಿನ ಸವೆತ ಬಹುಪಾಲು ಶುರುಮಾಡುವಾಗ, ನಿಲ್ಲಿಸುವಾಗ ಆಗುವುದು ಇದೇ ಕಾರಣಕ್ಕೆ. ಭಾರೀ ಟರ್ಬೈನುಗಳಲ್ಲಿ ಶುರುಮಾಡುವ ಮೊದಲೇ ಪಂಪಿನ ಒತ್ತಡದಿಂದ ಶಾಫ್ಟನ್ನು ಎತ್ತುವ ಏರ್ಪಾಡು ಇರುವುದುಂಟು.

ಪದರ ಕಡಿದುಹೋಗುತ್ತಿದ್ದರೆ ಬೇರಿಂಗಿನ ಬಿಸಿ ಏರುತ್ತದೆ. ಬಿಚ್ಚಿ ನೋಡಿದಾಗ ಒಳಮೈಯ ಮೆದು ಬಿಳಿಲೋಹ ತಿರುಗುವ ದಿಕ್ಕಿಗೆ ಸವರಿಕೊಂಡಿರುತ್ತದೆ.

ಗ್ರೀಸ್ ಎಲ್ಲಿ ಒಗ್ಗುತ್ತದೆ

ಗ್ರೀಸ್ ಎಂದರೆ ಸೋಪಿನ ನಾರುಜಾಲದಲ್ಲಿ ಹಿಡಿದಿಟ್ಟ ಎಣ್ಣೆ. ಈಗ ಹೆಚ್ಚು ಬಳಕೆಯಲ್ಲಿರುವುದು ಲಿಥಿಯಂ ಸೋಪಿನದು. ಅದರ ತೂಕದ ಬಹುಪಾಲು ಎಣ್ಣೆಯೇ. ಒಂದು ಮಿತಿಯ ಬಲ ಬೀಳುವ ತನಕ ಗ್ರೀಸ್ ಹರಿಯದು, ಹಾಗಾಗಿ ಯಂತ್ರ ನಿಂತಾಗ ಸೋರದೆ ಇಟ್ಟಲ್ಲೇ ಇರುತ್ತದೆ.

ಜೆಸಿಬಿ ಬಕೆಟ್ಟಿನ ಪಿನ್ನನ್ನು ನೋಡಿ. ಅದು ಪೂರ್ತಿ ಸುತ್ತು ತಿರುಗದೆ ನಿಧಾನವಾಗಿ ಹಿಂದೆಮುಂದೆ ಆಡುತ್ತದೆ, ಬೆಣೆ ಕಟ್ಟುವಷ್ಟು ವೇಗ ಬರುವುದೇ ಇಲ್ಲ. ಎಣ್ಣೆ ಹಾಕಿದರೆ ಹಿಂಡಿ ಹೊರಹೋಗುತ್ತದೆ. ಗ್ರೀಸ್ ಅಲ್ಲಿ ಉಳಿದು, ಗನ್ನಿನಿಂದ ಹೊಸದು ತುಂಬಿದಾಗ ಹಳೆಯದರ ಜೊತೆ ಮಣ್ಣನ್ನೂ ಹೊರಗೆ ತಳ್ಳುತ್ತದೆ.

ನೀರೆತ್ತುವ ಮೋಟಾರಿನ ಬಾಲ್ ಬೇರಿಂಗಿನ ಕಾರಣ ಬೇರೆ. ಗುಂಡು ಉರುಳುವ ಜಾಗದಲ್ಲಿ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿನ ಆಸುಪಾಸು, ಅದಕ್ಕೆ ಬೇಕಾದ ಎಣ್ಣೆ ಅತ್ಯಲ್ಪ. ಗ್ರೀಸ್ ಅಷ್ಟನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಒಳಗಿನ ಖಾಲಿ ಜಾಗದ ಮೂರನೇ ಒಂದರಿಂದ ಅರ್ಧದಷ್ಟು ತುಂಬುವುದು ಸಾಮಾನ್ಯ ರೂಢಿ. ಪೂರ್ತಿ ತುಂಬಿದರೆ ಗ್ರೀಸ್ ಕಲಕಾಡಿ ಬೇರಿಂಗು ಕಾಯುತ್ತದೆ. ಗ್ರೀಸಿನ ಗಟ್ಟಿತನ ನೋಡಿ ಪದರದ ಬಲವನ್ನು ಅಂದಾಜಿಸುವುದು ಸರಿಯಲ್ಲ. ಪದರದ ದಪ್ಪವನ್ನು ಮುಖ್ಯವಾಗಿ ನಿರ್ಧರಿಸುವುದು ಒಳಗಿನ ಎಣ್ಣೆಯ ಸ್ನಿಗ್ಧತೆ.

ಗ್ರೀಸ್ ಬಿಸಿಯನ್ನು ಹೊತ್ತೊಯ್ಯಲಾರದು. ವೇಗವೂ ಭಾರವೂ ಹೆಚ್ಚಿರುವ ಟರ್ಬೈನಿನಲ್ಲಿ ಪದರದೊಳಗಿನ ತಿಕ್ಕಾಟದಿಂದ ಹುಟ್ಟುವ ಕಾವನ್ನು ಹರಿಯುವ ಎಣ್ಣೆಯೇ ಹೊರಗೊಯ್ದು ತಣಿಸಬೇಕು. ಬೇರೆ ಬೇರೆ ಸೋಪಿನ ಗ್ರೀಸುಗಳನ್ನು ಬೆರೆಸುವುದೂ ಅಪಾಯಕರ: ಕೆಲವು ಜೋಡಿಗಳು ಒಂದಕ್ಕೊಂದು ಒಗ್ಗದೆ ಮೆತ್ತಗಾಗಿ ಸೀಲಿನಿಂದ ಜಿನುಗುತ್ತವೆ.