ಮೇ ತಿಂಗಳ ಬಾವಿಯ ಲೆಕ್ಕ

ಎಷ್ಟು ಇಂಗುಗುಂಡಿ ತೆಗೆದೆವು, ಎಷ್ಟು ಸಸಿ ನೆಟ್ಟೆವು, ಎಷ್ಟು ಹಣ ಖರ್ಚಾಯಿತು: ಯೋಜನಾ ವರದಿಗಳು ಬಹುಕಾಲ ಕೊಡುತ್ತಿದ್ದ ಲೆಕ್ಕ ಇಷ್ಟೇ. ಗುಂಡಿ ತೆಗೆದ ಮೇಲೆ ಬಾವಿಯಲ್ಲಿ ನೀರು ನಿಂತಿತೇ ಎಂಬುದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.

1969ರ ಸುಮಾರಿಗೆ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ ರೂಪುಗೊಂಡ 'ಲಾಗ್‌ಫ್ರೇಮ್' ಕೋಷ್ಟಕ ಈ ಕಾಲಂ ತಂದಿತು. ಪ್ರತಿ ಉದ್ದೇಶದ ಎದುರಿಗೆ ಒಂದು ಸೂಚಕ, ಅದನ್ನು ಪರಿಶೀಲಿಸುವ ಮೂಲ, ಯಾವುದನ್ನು ನಂಬಿ ಹೊರಟಿದ್ದೇವೆ ಎಂಬ ಊಹೆ. ಕರ್ನಾಟಕದಲ್ಲಿ ಈ ಶಿಸ್ತು ದೊಡ್ಡ ಪ್ರಮಾಣದಲ್ಲಿ ಕಂಡದ್ದು ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆಯಲ್ಲಿ. 2001ರಲ್ಲಿ ಆರಂಭವಾದ ಅದು ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡಗಳಲ್ಲಿ ನಡೆಯಿತು. ಉಸ್ತುವಾರಿ ಮತ್ತು ಮೌಲ್ಯಮಾಪನವನ್ನು ಕಾಮಗಾರಿ ಮಾಡುವವರ ಕೈಗೇ ಬಿಡದೆ ಇಸ್ರೋದ ಅಂಗಸಂಸ್ಥೆ ಆಂಟ್ರಿಕ್ಸ್‌ಗೆ ಒಪ್ಪಿಸಲಾಯಿತು. ಉಪಗ್ರಹ ಚಿತ್ರಗಳ ಜೊತೆಗೆ ಮನೆಮನೆಯ ಮಾಹಿತಿಯೂ ಲೆಕ್ಕಕ್ಕೆ ಬಂತು.

ಆದರೆ ಬಯಲುಸೀಮೆಯ ಮಾದರಿಯನ್ನು ಹಾಗೇ ಎತ್ತಿ ಮಲೆನಾಡಿಗೆ ತಂದರೆ ನಡೆಯದು. ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯಂಥ ಊರಿನಲ್ಲಿ ಮಳೆಗೆ ಬರವಿಲ್ಲ. ಇದೇ ತಾಲ್ಲೂಕಿನ ಆಗುಂಬೆಯ ಮಳೆ ನಾಡಿಗೇ ಗೊತ್ತು. ಕೊರತೆ ಕಾಣುವುದು ಏಪ್ರಿಲ್, ಮೇನಲ್ಲಿ. ಬೇಸ್‌ಲೈನ್ ಸರ್ವೆಯನ್ನು ಮೇನಲ್ಲಿ ಮಾಡಿ ಕೊನೆಯ ಅಳತೆಯನ್ನು ಅಕ್ಟೋಬರಿನಲ್ಲಿ ತೆಗೆದರೆ ಯಾವ ಕೆಲಸ ಮಾಡದಿದ್ದರೂ ಯೋಜನೆ ಗೆದ್ದಂತೆ ಕಾಣುತ್ತದೆ. ಅನುದಾನ ಮಂಜೂರಾದ ತಿಂಗಳಲ್ಲೇ ಸರ್ವೆ ಮುಗಿಸುವ ಆತುರದಲ್ಲಿ ಇಂಥದ್ದು ಸುಲಭವಾಗಿ ಆಗಿಬಿಡುತ್ತದೆ.

ಇಲ್ಲಿ ಇಂಗುಗುಂಡಿ ಯೋಜನೆಯೊಂದಕ್ಕೆ ಪ್ರಸ್ತಾವನೆ ಬರೆಯುವುದಾದರೆ ಒಂದೇ ಮುಖ್ಯ ಸೂಚಕ ಸಾಕು: ಮೇ ತಿಂಗಳಲ್ಲಿ ಬಾವಿಕಟ್ಟೆಯಿಂದ ನೀರಿನ ಮಟ್ಟಕ್ಕೆ ಎಷ್ಟು ಮೀಟರ್. ಕಟ್ಟೆಯ ಮೇಲೆ ಬಣ್ಣದ ಗುರುತು ಹಾಕಿ ಪ್ರತಿ ಸಲ ಅಲ್ಲಿಂದಲೇ, ಬೆಳಿಗ್ಗೆ ಪಂಪ್ ಹಾಕುವ ಮುನ್ನ, ಟೇಪು ಇಳಿಸಬೇಕು. ನೀರು ಎತ್ತಿದ ಮೇಲೆ ಅಳೆದರೆ ಸಿಗುವುದು ಪಂಪಿನ ಲೆಕ್ಕ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೆಲಸ ನಡೆದ ಊರಿನಲ್ಲಿ ಸರಾಸರಿ ಆಳ 9 ಮೀಟರಿನಿಂದ 7.5ಕ್ಕೆ ಬಂತು. ಕೆಲಸ ನಡೆಯದ ಪಕ್ಕದ ಊರಿನಲ್ಲಿ, ಅದೇ ಅವಧಿಯಲ್ಲಿ, 9ರಿಂದ 8ಕ್ಕೆ. ಹಾಗಾದರೆ ಒಂದು ಮೀಟರ್ ಮಳೆ ಕೊಟ್ಟದ್ದು. ಯೋಜನೆಯ ಪಾಲಿಗೆ ಹೇಳಿಕೊಳ್ಳಬಹುದಾದದ್ದು ಅರ್ಧ ಮೀಟರ್. ಅದೂ ಎರಡೂ ಊರಿನ ಮಣ್ಣು, ಇಳಿಜಾರು, ತೋಟಕ್ಕೆ ಎತ್ತುವ ನೀರು ಹೆಚ್ಚುಕಡಿಮೆ ಒಂದೇ ಆಗಿದ್ದರೆ. ನಡುವೆ ಯಾರಾದರೂ ಹೊಸ ಬೋರ್‌ವೆಲ್ ಕೊರೆಸಿದರೆ ಅದನ್ನೂ ದಾಖಲಿಸಬೇಕು.

ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ಆ ಅಂಕಿಗಳು ಹೋಲಿಕೆಗೆ ಒದಗುತ್ತವೆ. ಒಂದೂರಿನ ಬದಲಾವಣೆ ಹಿಡಿಯಲು ಸಾಲವು. ಹಾಗಾಗಿ ನೀರಗಂಟಿ ತಿಂಗಳಿಗೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಡುವುದು, ಕಾಮಗಾರಿಯ ವರದಿ ಮೂರು ತಿಂಗಳಿಗೊಮ್ಮೆ, ನೀರಿನ ವರದಿ ಮಾತ್ರ ವರ್ಷಕ್ಕೊಂದು, ಜೂನ್‌ನಲ್ಲಿ. ಪಕ್ಕದ ಊರಿನ ಅಳತೆಗೂ ಬಜೆಟ್‌ನಲ್ಲಿ ಒಂದು ಸಾಲು ಬೇಕು. ಖರ್ಚು ಕಡಿತ ಮಾಡುವಾಗ ಕತ್ತರಿ ಮೊದಲು ಬೀಳುವುದು ಆ ಸಾಲಿಗೇ.